ಸಂಬಳ ಏರಿಕೆ ಯಾವ ಗುಂಪಿಗೆ? ಒಂದು ಅಂಕದ ಪ್ರಶ್ನೆ, ಮೇಡಂಗೊಂದು ಪತ್ರ

ಬಿಬಿಎ, ಎಂಬಿಎ ಓದುವವರಿಗೆ ಸಂಘಟನಾ ವರ್ತನೆ ಎಂಬ ವಿಷಯ ಇರುತ್ತದೆ. ಕೆಲಸದ ಜಾಗದಲ್ಲಿ ಜನ ಯಾಕೆ ಹೀಗೆ ನಡೆದುಕೊಳ್ಳುತ್ತಾರೆ ಎಂದು ಹೇಳಿಕೊಡುವ ಪಾಠ ಇದು. ತರಗತಿಯಲ್ಲಿ ಎಲ್ಲರೂ ಓಬಿ ಎನ್ನುತ್ತಾರೆ. ಇದರ ಕಿರುಪರೀಕ್ಷೆಯಲ್ಲಿ ಇಂಥದೊಂದು ಪ್ರಶ್ನೆ ಬಂತು ಎಂದುಕೊಳ್ಳಿ: ‘ಒಬ್ಬ ನೌಕರನ ಒಳ್ಳೆಯ ಕೆಲಸವನ್ನು ಮೆಚ್ಚಿ ಕಂಪನಿ ಅವನ ಸಂಬಳ ಏರಿಸಿತು. ಹರ್ಜ್‌ಬರ್ಗ್ ಸಿದ್ಧಾಂತದ ಪ್ರಕಾರ ಇದು ಯಾವ ಅಂಶ?’ ಮೊದಲ ಆಯ್ಕೆ ಹೈಜೀನ್, ಎರಡನೆಯದು ಮೋಟಿವೇಟರ್. ಉಳಿದೆರಡು ಆಯ್ಕೆಗಳನ್ನು ಓದಿದವರು ಯಾರೂ ಮುಟ್ಟುವುದಿಲ್ಲ. ಕೀ ಉತ್ತರ ಹೈಜೀನ್ ಎಂದಿದೆ. ಮೋಟಿವೇಟರ್ ಎಂದು ಗುರುತು ಹಾಕಿದ ವಿದ್ಯಾರ್ಥಿನಿಗೆ ಅಂಕ ಹೋಗಿದೆ. ಅವಳದು ತಪ್ಪೇ?

ಇದಕ್ಕೆ ಉತ್ತರ ಹುಡುಕಲು ಸಿದ್ಧಾಂತದ ಮೂಲಕ್ಕೇ ಹೋಗಬೇಕು. ಫ್ರೆಡರಿಕ್ ಹರ್ಜ್‌ಬರ್ಗ್ ಅಮೆರಿಕದ ಮನಶ್ಶಾಸ್ತ್ರಜ್ಞ. ಅವರೂ ಅವರ ಇಬ್ಬರು ಸಹೋದ್ಯೋಗಿಗಳೂ ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಎಂಜಿನಿಯರುಗಳನ್ನು, ಲೆಕ್ಕಪತ್ರದವರನ್ನು ಮಾತಾಡಿಸಿದರು. ಕೆಲಸದ ಬಗ್ಗೆ ತುಂಬಾ ಖುಷಿಯಾದ ಒಂದು ಸಂದರ್ಭವನ್ನೂ ತುಂಬಾ ಬೇಸರವಾದ ಒಂದು ಸಂದರ್ಭವನ್ನೂ ಹೇಳಿ ಎಂದು ಕೇಳಿದರು. ಅದರಿಂದ ಹುಟ್ಟಿದ ಪುಸ್ತಕ 1959ರಲ್ಲಿ ಬಂತು. ಖುಷಿಯ ಕಥೆಗಳಲ್ಲಿ ಸಾಧನೆ, ಮೆಚ್ಚುಗೆ, ಕೆಲಸದ ಸ್ವರೂಪ, ಜವಾಬ್ದಾರಿ, ಬಡ್ತಿ ಮತ್ತೆ ಮತ್ತೆ ಕಾಣಿಸಿದವು. ಇವು ಮೋಟಿವೇಟರುಗಳು. ಬೇಸರದ ಕಥೆಗಳಲ್ಲಿ ಕಂಪನಿಯ ನಿಯಮಗಳು, ಮೇಲ್ವಿಚಾರಣೆ, ಕೆಲಸದ ಪರಿಸರ ಬಂದವು. ಇವು ಹೈಜೀನ್ ಅಂಶಗಳು. ಇವು ಕೆಟ್ಟರೆ ಮನಸ್ಸು ಕೆಡುತ್ತದೆ, ಸರಿಯಿದ್ದ ಮಾತ್ರಕ್ಕೆ ಉತ್ಸಾಹ ಉಕ್ಕುವುದಿಲ್ಲ ಎಂಬುದು ಅವರ ವಾದ.

ಸಂಬಳ ಮಾತ್ರ ಇಬ್ಬದಿಯಲ್ಲೂ ನಿಂತಿತು. ಖುಷಿಯ ಕಥೆಗಳಲ್ಲೂ ಬೇಸರದ ಕಥೆಗಳಲ್ಲೂ ಅದು ಹೆಚ್ಚುಕಡಿಮೆ ಸಮವಾಗಿ ಬಂದಿತ್ತು. ಖುಷಿಯ ಕಡೆ ಬಂದಾಗ ಸಂಬಳ ಸಾಮಾನ್ಯವಾಗಿ ಸಾಧನೆ, ಮೆಚ್ಚುಗೆಗಳ ಜೊತೆಯಲ್ಲಿ ಬರುತ್ತಿತ್ತು. ‘ನನ್ನ ಕೆಲಸವನ್ನು ಗುರುತಿಸಿದರು’ ಎಂಬುದಕ್ಕೆ ಅದೇ ಸಾಕ್ಷಿ. ಬೇಸರದ ಕಡೆ ಬಂದಾಗ ಸಂಬಳ ಕೊಡುವ ರೀತಿಯಲ್ಲಿನ ಅನ್ಯಾಯದ ದೂರು ಇರುತ್ತಿತ್ತು. ಬಹುಕಾಲ ಉಳಿಯುವ ಭಾವನೆಗಳನ್ನು ಮಾತ್ರ ಲೆಕ್ಕ ಹಿಡಿದಾಗ ಸಂಬಳ ಬೇಸರದ ಕಡೆಗೆ ವಾಲಿತು. ಆ ಕಾರಣಕ್ಕೆ ಲೇಖಕರು ಅದನ್ನು ಹೈಜೀನ್ ಗುಂಪಿಗೆ ಸೇರಿಸಿದರು. ಪಠ್ಯಪುಸ್ತಕಗಳ ಎರಡು ಕಾಲಂ ಪಟ್ಟಿಯಲ್ಲಿ ಈ ಹಿನ್ನೆಲೆಗೆ ಜಾಗವಿಲ್ಲ. ಅಲ್ಲಿ ಸಂಬಳ ಎಡಗಡೆ, ಮೆಚ್ಚುಗೆ ಬಲಗಡೆ. ನಮ್ಮ ಪ್ರಶ್ನೆಯಲ್ಲೋ ಎರಡೂ ಒಂದೇ ವಾಕ್ಯದಲ್ಲಿವೆ.

ಸಿಇಟಿಯಂಥ ಪರೀಕ್ಷೆಯಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಕಾಲೇಜಿನ ಕಿರುಪರೀಕ್ಷೆಗೆ ಸಾಮಾನ್ಯವಾಗಿ ಅಂಥ ದಾರಿ ಇರುವುದಿಲ್ಲ. ಉಳಿದಿರುವುದು ಪಾಠ ಮಾಡಿದವರಿಗೆ ನೇರವಾಗಿ ಬರೆಯುವ ಪತ್ರ. ಅದು ಹೀಗಿರಬಹುದು:

‘ಗೌರವಾನ್ವಿತ ಮೇಡಂ ಅವರಿಗೆ ನಮಸ್ಕಾರಗಳು. ಓಬಿ ಮೊದಲ ಕಿರುಪರೀಕ್ಷೆಯ 12ನೇ ಪ್ರಶ್ನೆಯ ಕೀ ಉತ್ತರದ ಬಗ್ಗೆ ನನಗೊಂದು ಸಂದೇಹವಿದೆ. ತಾವು ಬಿಡುವಾದಾಗ ಇದನ್ನು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಕೀ ಉತ್ತರ ಹೈಜೀನ್ ಎಂದಿದೆ. ತಾವು ಬರೆಸಿದ ಪಟ್ಟಿಯಲ್ಲೂ ಸಂಬಳ ಅದೇ ಕಡೆ ಇದೆ. ಹರ್ಜ್‌ಬರ್ಗ್ ಕೂಡ ಕೊನೆಗೆ ಸಂಬಳವನ್ನು ಅಲ್ಲಿಗೇ ಸೇರಿಸಿದರು. ಹಾಗಾಗಿ ಕೀ ಉತ್ತರಕ್ಕೆ ಆಧಾರವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆಯಲ್ಲಿ “ಒಳ್ಳೆಯ ಕೆಲಸವನ್ನು ಮೆಚ್ಚಿ” ಎಂದಿದೆ. ಮೆಚ್ಚುಗೆ ಅದೇ ಪಟ್ಟಿಯ ಮೋಟಿವೇಟರ್ ಕಡೆ ಬರುತ್ತದೆ. 1959ರ ಪುಸ್ತಕದಲ್ಲೂ ಖುಷಿಯ ಸಂದರ್ಭಗಳಲ್ಲಿ ಬಂದ ಸಂಬಳವನ್ನು ಸಾಧನೆ, ಮೆಚ್ಚುಗೆಗಳ ಜೊತೆ ಸೇರಿಸಿ ವಿವರಿಸಿದ್ದಾರೆ. ಪ್ರಶ್ನೆ ಕೇಳುತ್ತಿರುವುದು ಹಣದ ಬಗ್ಗೆಯೋ ಮೆಚ್ಚುಗೆಯ ಬಗ್ಗೆಯೋ ಎಂಬುದು ನನಗೆ ತಿಳಿಯಲಿಲ್ಲ. “ಎಲ್ಲರಿಗೂ ವರ್ಷದ ಸಂಬಳ ಏರಿಕೆ ಕೊಟ್ಟರು” ಎಂದಿದ್ದರೆ ನಾನೂ ಹೈಜೀನ್ ಎಂದೇ ಬರೆಯುತ್ತಿದ್ದೆ.

ಎರಡೂ ಉತ್ತರಗಳನ್ನು ಒಪ್ಪಬಹುದೇ ಎಂದು ತಾವು ಪರಿಶೀಲಿಸಿದರೆ ಉಪಕಾರವಾಗುತ್ತದೆ. ನನ್ನ ಓದಿನಲ್ಲಿ ತಪ್ಪಿದ್ದರೆ ಅದು ಎಲ್ಲಿ ಎಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ. ಇಂತಿ ತಮ್ಮ ವಿದ್ಯಾರ್ಥಿನಿ.’

ಈ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಅವಳು ತನ್ನ ವಾದದ ದುರ್ಬಲ ಜಾಗವನ್ನು ಮುಚ್ಚಿಡದೇ ಇರುವುದು. ಹರ್ಜ್‌ಬರ್ಗ್ ಸಂಬಳವನ್ನು ಹೈಜೀನ್ ಗುಂಪಿಗೇ ಸೇರಿಸಿದ್ದರು ಎಂಬುದನ್ನು ಬಿಟ್ಟು ಬರೆದಿದ್ದರೆ ಮೇಡಂ ಮೊದಲು ಎತ್ತುತ್ತಿದ್ದ ಮಾತು ಅದೇ; ಪತ್ರ ಅಲ್ಲಿಗೇ ಬಿದ್ದುಹೋಗುತ್ತಿತ್ತು. ‘ವರ್ಷದ ಏರಿಕೆ ಎಂದಿದ್ದರೆ’ ಎಂಬ ವಾಕ್ಯಕ್ಕೂ ಬೆಲೆಯಿದೆ. ತೊಡಕು ಸಿದ್ಧಾಂತದಲ್ಲಿಲ್ಲ, ಪ್ರಶ್ನೆಯ ವಾಕ್ಯದಲ್ಲಿದೆ ಎಂದು ಅದು ತೋರಿಸುತ್ತದೆ. ಪ್ರಶ್ನೆ ತೆಗೆದವರಿಗೆ ಮುಂದಿನ ಸಲ ಏನು ಬದಲಿಸಬೇಕೆಂಬುದೂ ಅದರಲ್ಲೇ ಸಿಗುತ್ತದೆ.

ಇಂಥ ಪತ್ರಗಳು ಕೆಡುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ‘ನನ್ನ ಅನುಭವದಲ್ಲಿ ಸಂಬಳವೇ ಎಲ್ಲರಿಗೂ ಪ್ರೇರಣೆ’ ಎಂದು ವಾದ ಶುರುವಾಗುತ್ತದೆ. ಅದು ನಿಜವೇ ಇರಬಹುದು. ಹರ್ಜ್‌ಬರ್ಗ್ ಅವರನ್ನು ಹಾಗೆ ಟೀಕಿಸಿದ ವಿದ್ವಾಂಸರೂ ಇದ್ದಾರೆ. ಆದರೆ ಪ್ರಶ್ನೆ ಕೇಳಿದ್ದು ಹರ್ಜ್‌ಬರ್ಗ್ ಪ್ರಕಾರ ಏನು ಎಂದು. ಸಿದ್ಧಾಂತವನ್ನು ಒಪ್ಪದಿರುವುದು ಬೇರೆ, ಪ್ರಶ್ನೆಗೆ ಎರಡು ಅರ್ಥ ಇರುವುದು ಬೇರೆ. ಸಿದ್ಧಾಂತವನ್ನು ಪೂರ್ತಿ ಒಪ್ಪಿಕೊಂಡ ಮೇಲೂ ಎರಡು ಉತ್ತರಗಳು ನಿಲ್ಲುತ್ತವೆ ಎಂದಾದರೆ ಮಾತ್ರ ಪ್ರಶ್ನೆ ಅಸ್ಪಷ್ಟ. ಬರೆಯುವ ಮೊದಲು ಈ ಪರೀಕ್ಷೆಯನ್ನು ತನ್ನ ಮೇಲೇ ಮಾಡಿಕೊಳ್ಳುವುದು ಒಳ್ಳೆಯದು.

ಉಪನ್ಯಾಸಕರ ಕೈಯಲ್ಲಿ ಇನ್ನೊಂದು ಅಳತೆಗೋಲಿದೆ, ವಿದ್ಯಾರ್ಥಿಗಳ ಕೈಗೆ ಅದು ಸಿಗುವುದಿಲ್ಲ. ಒಟ್ಟು ಅಂಕದ ಪ್ರಕಾರ ತರಗತಿಯ ಮೇಲಿನ ಗುಂಪು, ಕೆಳಗಿನ ಗುಂಪು ಎಂದು ಬೇರ್ಪಡಿಸಿ, ಈ ಪ್ರಶ್ನೆಗೆ ಯಾವ ಗುಂಪಿನವರು ಏನು ಉತ್ತರಿಸಿದ್ದಾರೆ ಎಂದು ನೋಡಬೇಕು. ಒಳ್ಳೆಯ ಪ್ರಶ್ನೆಯಾದರೆ ಮೇಲಿನ ಗುಂಪಿನವರೇ ಕೀ ಉತ್ತರವನ್ನು ಹೆಚ್ಚಾಗಿ ಆರಿಸಿರುತ್ತಾರೆ. ಚೆನ್ನಾಗಿ ಓದಿದವರೇ ಹೆಚ್ಚಾಗಿ ‘ತಪ್ಪು’ ಉತ್ತರಕ್ಕೆ ಹೋಗಿದ್ದರೆ ಪ್ರಶ್ನೆಯನ್ನೇ ಅನುಮಾನಿಸಬೇಕು. ಮೂವತ್ತು ನಲವತ್ತು ಜನರ ತರಗತಿಯಲ್ಲಿ ಇದು ಬರೀ ಸುಳಿವು, ಪುರಾವೆಯಲ್ಲ. ಒಬ್ಬಿಬ್ಬರ ಉತ್ತರ ಅತ್ತಿತ್ತ ಆದರೂ ಚಿತ್ರ ಬದಲಾಗುತ್ತದೆ.

ಪತ್ರದಲ್ಲಿ ಪ್ರಶ್ನೆಯನ್ನು ಕೈಬಿಡಿ ಎನ್ನದೆ ಎರಡೂ ಉತ್ತರ ಒಪ್ಪಿ ಎಂದು ಕೇಳಿರುವುದಕ್ಕೂ ಕಾರಣವಿದೆ. ಪರೀಕ್ಷೆ 20 ಅಂಕದ್ದು, ನಮ್ಮ ವಿದ್ಯಾರ್ಥಿನಿಗೆ ಬಂದದ್ದು 14 ಎನ್ನಿ. ಪ್ರಶ್ನೆ ಕೈಬಿಟ್ಟರೆ ಅವಳದು 19ಕ್ಕೆ 14, ಅಂದರೆ ಶೇ 70 ಇದ್ದದ್ದು ಸುಮಾರು ಶೇ 74 ಆಗುತ್ತದೆ. ಆದರೆ ಹೈಜೀನ್ ಎಂದು ಬರೆದು 15 ಪಡೆದ ಅವಳ ಗೆಳತಿಗೂ 19ಕ್ಕೆ 14 ಆಗಿ, ಶೇ 75 ಇದ್ದದ್ದು ಸುಮಾರು ಶೇ 74ಕ್ಕೆ ಇಳಿಯುತ್ತದೆ. ಆಧಾರವಿರುವ ಉತ್ತರ ಬರೆದೂ ಆ ಗೆಳತಿ ಅಂಕ ಕಳೆದುಕೊಳ್ಳುತ್ತಾಳೆ. ಎರಡೂ ಉತ್ತರ ಒಪ್ಪಿದರೆ ಇಬ್ಬರಿಗೂ 15, ಯಾರಿಗೂ ನಷ್ಟವಿಲ್ಲ. ಯಾವ ಆಯ್ಕೆಯೂ ಸರಿಯಿಲ್ಲದ ಪ್ರಶ್ನೆಯಾದರೆ ಕೈಬಿಡುವುದು ಸರಿ, ಆದರೆ ಇಲ್ಲಿ ಹಾಗಿಲ್ಲ.

ಇನ್ನು, ಪತ್ರ ತಲುಪುವ ಹೊತ್ತು. ಆಂತರಿಕ ಅಂಕಗಳು ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು ತಲುಪಿದರೆ ಮೇಡಂ ತಾವೇ ತಿದ್ದಬಹುದು. ಆಮೇಲಾದರೆ ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು ಎಂದು ಮೇಲೆ ಹೋಗಬೇಕಾಗುತ್ತದೆ. ಹಾಗಾಗಿ ಉತ್ತರಪತ್ರಿಕೆ ಕೈಗೆ ಬಂದ ಒಂದೆರಡು ದಿನದೊಳಗೆ ಕೊಡುವುದು ಒಳ್ಳೆಯದು. ತರಗತಿಯ ಮಧ್ಯೆ ಎದ್ದು ನಿಂತು ಕೇಳುವುದಕ್ಕಿಂತ, ಪ್ರಶ್ನೆಪತ್ರಿಕೆಯ ಪ್ರತಿಯನ್ನೂ ಪುಸ್ತಕದ ಆ ಪುಟವನ್ನೂ ಪತ್ರಕ್ಕೆ ಲಗತ್ತಿಸಿ ಸಿಬ್ಬಂದಿ ಕೊಠಡಿಯಲ್ಲಿ ಕೊಟ್ಟು ಬಂದರೆ ಮೇಡಂ ಅವರಿಗೂ ಸಮಾಧಾನದಿಂದ ಓದಿ ನೋಡಲು ಅವಕಾಶವಾಗುತ್ತದೆ.