ಸಿನಿಮಾ ಮಾಡಿದವರು ಬರೆಯುವ ಪ್ರಬಂಧ

ಸಿನಿಮಾ ಅಧ್ಯಯನದ ಎಂ.ಎ. ಅಥವಾ ಪಿಎಚ್.ಡಿ.ಗೆ ಬರೀ ಬರಹದ ಬದಲು ಚಿತ್ರವೊಂದನ್ನು ಮಾಡಿ ಸಲ್ಲಿಸುವ ಅವಕಾಶ ಬ್ರಿಟನ್, ಆಸ್ಟ್ರೇಲಿಯಾಗಳ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ಆದರೆ ಸಾಮಾನ್ಯವಾಗಿ ಚಿತ್ರವೊಂದನ್ನೇ ಕೊಟ್ಟರೆ ಸಾಲದು, ಜೊತೆಗೊಂದು ಅವಲೋಕನ ಪ್ರಬಂಧವೂ ಇರಬೇಕು. ಎಂ.ಎ.ಯಲ್ಲಿ ಅದು ಕೆಲವು ಸಾವಿರ ಪದಗಳಿಗೆ ಮುಗಿಯುತ್ತದೆ, ಪಿಎಚ್.ಡಿ.ಯಲ್ಲಿ ಪುಸ್ತಕದಷ್ಟು ಬೆಳೆಯುವುದೂ ಉಂಟು. ಚಿತ್ರ ಯಾವ ಪ್ರಶ್ನೆಯ ಬೆನ್ನು ಹತ್ತಿತ್ತು, ಅದನ್ನು ಮಾಡುತ್ತ ಮಾಡುತ್ತ ಏನು ಗೊತ್ತಾಯಿತು, ಹಾಗೆ ಗೊತ್ತಾದದ್ದಕ್ಕೂ ಆ ವಿಷಯದಲ್ಲಿ ಈಗಾಗಲೇ ನಡೆದಿರುವ ಚಿಂತನೆಗೂ ಏನು ನಂಟು ಎಂಬುದನ್ನು ಅದು ಹೇಳಬೇಕು. ಕತೆಯ ಸಾರಾಂಶ, ಚಿತ್ರೀಕರಣದಲ್ಲಿ ಪಟ್ಟ ಪಾಡು, ನೆರವಾದವರಿಗೆ ವಂದನೆ ಇವೆಲ್ಲ ಪ್ರಬಂಧದ ತಿರುಳಲ್ಲ. ಮೊದಲ ಸಲ ಬರೆಯುವವರ ಅರ್ಧ ಪುಟಗಳು ಮಾತ್ರ ಇವುಗಳಲ್ಲೇ ಮುಗಿದುಹೋಗುತ್ತವೆ.

ಇಂಥ ಬರಹದ ಹಿಂದೆ ಎರಡು ವಿಚಾರಗಳಿವೆ. ವೃತ್ತಿಪರರ ತಿಳಿವಳಿಕೆ ಬಹುಪಾಲು ಅವರ ಕೆಲಸದೊಳಗೇ ಅಡಗಿರುತ್ತದೆ ಎಂದು ಅಮೆರಿಕದ ಡೊನಾಲ್ಡ್ ಶಾನ್ 1983ರಲ್ಲಿ ವಾದಿಸಿದರು. ಕೆಲಸದ ನಡುವೆಯೇ ಯೋಚಿಸಿ ದಾರಿ ಬದಲಿಸುವುದು ಒಂದು ಬಗೆ, ಕೆಲಸ ಮುಗಿದ ಮೇಲೆ ಹಿಂತಿರುಗಿ ನೋಡುವುದು ಇನ್ನೊಂದು ಬಗೆ ಎಂದು ಅವರು ಬಿಡಿಸಿ ತೋರಿಸಿದರು. ಹತ್ತು ವರ್ಷಗಳ ಬಳಿಕ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಕ್ರಿಸ್ಟೋಫರ್ ಫ್ರೇಲಿಂಗ್, ಕಲೆಯ ಬಗ್ಗೆ ಸಂಶೋಧನೆ, ಕಲೆಗಾಗಿ ಸಂಶೋಧನೆ, ಕಲೆಯ ಮೂಲಕ ಸಂಶೋಧನೆ ಎಂಬ ವಿಂಗಡಣೆ ಮಾಡಿದರು. ಚಿತ್ರದ ಜೊತೆಗಿನ ಪ್ರಬಂಧ ಮೂರನೆಯ ಗುಂಪಿಗೆ ಸೇರುವಂಥದ್ದು. ಅಲ್ಲಿ ಸಂಶೋಧನೆ ನಡೆಯುವುದು ಕ್ಯಾಮೆರಾ ಮತ್ತು ಸಂಕಲನದ ಮೇಜಿನ ಮೇಲೆ; ಪ್ರಬಂಧ ಅದರ ಜಾಡನ್ನು ಓದುಗರಿಗೆ ಕಾಣಿಸುತ್ತದೆ.

ಸಿದ್ಧಾಂತವನ್ನೂ ಕೆಲಸವನ್ನೂ ಎಲ್ಲಿ ಕೂಡಿಸಬೇಕು ಎಂಬಲ್ಲೇ ಹೆಚ್ಚಿನವರು ತಡವರಿಸುತ್ತಾರೆ. ಸಿದ್ಧಾಂತಕ್ಕೊಂದು ಅಧ್ಯಾಯ, ಚಿತ್ರಕ್ಕೊಂದು ಅಧ್ಯಾಯ ಬರೆದು, ಕೊನೆಯಲ್ಲಿ ಎರಡಕ್ಕೂ ಸಂಬಂಧವಿದೆ ಎಂದುಬಿಟ್ಟರೆ ಸಂಬಂಧ ಏರ್ಪಡುವುದಿಲ್ಲ. ಹೀಗೂ ಮಾಡಬಹುದಿತ್ತು, ಹಾಗೂ ಮಾಡಬಹುದಿತ್ತು ಎನ್ನುವ ಸ್ಥಿತಿಯಲ್ಲಿ ಒಂದನ್ನು ಆಯ್ದುಕೊಂಡ ಗಳಿಗೆಯೇ ಅವು ಕೂಡುವ ಜಾಗ. ಅಂಥ ಎರಡು ಮೂರು ತೀರ್ಮಾನಗಳನ್ನು ಹಿಡಿದು ಆಳಕ್ಕಿಳಿದರೆ ಸಾಕು, ಇಡೀ ಚಿತ್ರವನ್ನು ಶಾಟ್ ಶಾಟಾಗಿ ವಿವರಿಸಬೇಕಿಲ್ಲ.

ಒಂದು ಕಲ್ಪಿತ ಉದಾಹರಣೆಯಲ್ಲಿ ಇದನ್ನು ನೋಡಬಹುದು. ವಿದ್ಯಾರ್ಥಿನಿಯೊಬ್ಬಳು ಇಳಕಲ್ಲಿನ ನೇಕಾರರ ಮನೆಯೊಂದರ ಬಗ್ಗೆ ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಿದ್ದಾಳೆ. ಕುಣಿಮಗ್ಗದಲ್ಲಿ ಗಂಡ ಕೂತು ನೇಯುತ್ತಾನೆ. ಕ್ಯಾಮೆರಾ ಅವನ ಕೈ, ಲಾಳಿ, ಸೀರೆಯ ಒಡಲಿಗೆ ಸೆರಗನ್ನು ಕೂಡಿಸುವ ಜಾಗ ಇವನ್ನೆಲ್ಲ ಹಿಡಿದಿದೆ. ಹೆಂಡತಿ ಪಕ್ಕದ ಕೋಣೆಯಲ್ಲಿ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದಾಳೆ. ಮೊದಲ ಆರು ನಿಮಿಷ ಅವಳು ಕಾಣುವುದಿಲ್ಲ, ರಾಟೆಯ ಸದ್ದು ಮಾತ್ರ ಕೇಳುತ್ತಿರುತ್ತದೆ. ಮೊದಲ ರಫ್ ಕಟ್‌ನಲ್ಲಿ ವಿದ್ಯಾರ್ಥಿನಿ ಆ ಸದ್ದನ್ನು ಗದ್ದಲವೆಂದು ತಗ್ಗಿಸಿ, ಮೇಲೆ ನಿರೂಪಣೆ ಹಾಕಿದ್ದಳು. ಎರಡನೆಯದರಲ್ಲಿ ನಿರೂಪಣೆ ತೆಗೆದು ಸದ್ದನ್ನು ಉಳಿಸಿದಳು. ಪ್ರಬಂಧಕ್ಕೆ ಬೇಕಾದ ತೀರ್ಮಾನ ಇದೇ.

ಇದಕ್ಕೆ ಹೊಂದುವ ಸಿದ್ಧಾಂತ ಫ್ರಾನ್ಸಿನ ಮಿಶೆಲ್ ಶಿಯೋನ್ ಅವರದು. ಮೂಲ ಕಾಣದೆ ಕೇಳಿಬರುವ ಸದ್ದಿಗೆ ಅವರು ಪಿಯರ್ ಶೆಫರ್ ಅವರಿಂದ ಪಡೆದ ‘ಅಕೂಸ್ಮಾಟಿಕ್’ ಎಂಬ ಹೆಸರನ್ನು ಬಳಸುತ್ತಾರೆ. ತೆರೆಯ ಮೇಲೆ ಮುಖ ತೋರದೆ ದನಿ ಮಾತ್ರ ಕೇಳಿಸುವ ಪಾತ್ರಕ್ಕೆ ವಿಚಿತ್ರವಾದ ಬಲ ಬರುತ್ತದೆ, ಮುಖ ಕಂಡೊಡನೆ ಆ ಬಲ ಕುಗ್ಗುತ್ತದೆ ಎಂಬುದು ಅವರ ವಾದ. ಹಿಚ್‌ಕಾಕ್‌ನ ‘ಸೈಕೋ’ದಲ್ಲಿ ತಾಯಿಯ ದನಿ ಇದಕ್ಕೆ ಅವರು ಕೊಡುವ ಉದಾಹರಣೆಗಳಲ್ಲೊಂದು.

ಈಗ ದುರ್ಬಲ ಬರಹ ಹೇಗಿರುತ್ತದೆ ನೋಡಿ: ‘ಈ ಚಿತ್ರದಲ್ಲಿ ಶಿಯೋನ್ ಅವರ ಅಕೂಸ್ಮಾಟಿಕ್ ಪರಿಕಲ್ಪನೆಯನ್ನು ಬಳಸಿ ಮಹಿಳೆಯ ಅದೃಶ್ಯ ದುಡಿಮೆಗೆ ಬಲ ತುಂಬಲಾಗಿದೆ.’ ಕೇಳಲು ಚೆನ್ನಾಗಿದೆ. ಆದರೆ ಸದ್ದನ್ನು ಉಳಿಸುವ ಹೊತ್ತಿಗೆ ಅವಳು ಶಿಯೋನ್ ಅವರನ್ನು ಓದಿರಲೇ ಇಲ್ಲ, ಬಲ ಬಂತೆಂಬುದಕ್ಕೂ ಪುರಾವೆಯಿಲ್ಲ. ಪ್ರಬಂಧದಿಂದ ಸಿದ್ಧಾಂತಿಯ ಹೆಸರನ್ನು ಅಳಿಸಿ ಓದಿದಾಗ ವಾದ ಇದ್ದ ಹಾಗೇ ಉಳಿದರೆ, ಆ ಹೆಸರು ಅಲಂಕಾರಕ್ಕೆ ಬಂದದ್ದು ಎಂದೇ ಅರ್ಥ. ಅನುಭವಿ ಪರೀಕ್ಷಕರಿಗೆ ಇದು ತಟ್ಟನೆ ಗೊತ್ತಾಗುತ್ತದೆ.

ಗಟ್ಟಿಯಾದ ಬರಹ ಇದ್ದದ್ದನ್ನು ಇದ್ದ ಕ್ರಮದಲ್ಲಿ ಹೇಳುತ್ತದೆ. ಸದ್ದನ್ನು ಉಳಿಸಿದ್ದು ಮೊದಲು. ನಿರೂಪಣೆ ಗಂಡನ ಕಸುಬನ್ನಷ್ಟೇ ಹೊಗಳುತ್ತಿತ್ತು ಎಂಬ ಕಸಿವಿಸಿ ಅದಕ್ಕೆ ಕಾರಣ. ಶಿಯೋನ್ ಅವರನ್ನು ಓದಿದ್ದು ಆಮೇಲೆ. ಓದಿದ ಮೇಲೆ ಹುಟ್ಟಿದ್ದು ಒಂದು ನಿರೀಕ್ಷೆ: ಕಾಣದ ರಾಟೆ ಪ್ರೇಕ್ಷಕರನ್ನು ಕಾಡಬೇಕು. ಸಹಪಾಠಿಗಳಿಗೆ ಚಿತ್ರ ತೋರಿಸಿದಾಗ ಆದದ್ದೇ ಬೇರೆ. ಆ ಸದ್ದನ್ನು ಯಾರೂ ಗಮನಿಸಲೇ ಇಲ್ಲ. ಮಗ್ಗದ ಮನೆಯಲ್ಲಿ ಸದ್ದಿರುವುದು ಸಹಜ ಎಂದುಕೊಂಡರು. ಪ್ರಬಂಧ ಕಾವೇರುವುದು ಇಲ್ಲಿ. ಮಾತಾಡುವ ದನಿ ಕೇಳಿದರೆ ಯಾರದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಶಿಯೋನ್ ಹೇಳುವ ಬಲ ಬರುವುದು ಆ ಪ್ರಶ್ನೆಯಿಂದ. ದುಡಿಮೆಯ ಸದ್ದು ಕೇಳಿದಾಗ ಆ ಪ್ರಶ್ನೆ ಏಳುವುದಿಲ್ಲ. ಅಂದರೆ ಮನೆಯೊಳಗೆ ಹೆಂಡತಿಯ ಕೆಲಸಕ್ಕೆ ಆಗುವುದೇ ತೆರೆಯ ಮೇಲೆ ಅದರ ಸದ್ದಿಗೂ ಆಯಿತು. ಆಗ ಅವಳು ಮೂರನೆಯ ಕಟ್‌ನಲ್ಲಿ ರಾಟೆಯನ್ನು ಒಮ್ಮೆಲೇ ನಿಲ್ಲಿಸುತ್ತಾಳೆ. ಕಂಡಿಕೆ ಮುಗಿದು ಲಾಳಿ ನಿಂತಾಗ ಮೌನ, ಆ ಮೌನದಲ್ಲಿ ಗಂಡ ಕೋಣೆಯ ಕಡೆ ತಿರುಗಿ ನೋಡುತ್ತಾನೆ. ನೋಡಿದವರು ಸದ್ದನ್ನು ನೆನೆಸಿಕೊಂಡದ್ದು ಅದು ನಿಂತ ಮೇಲೆ. ಸಿದ್ಧಾಂತ ಪೂರ್ತಿ ಒಪ್ಪದ ಕಡೆ ಚಿತ್ರ ಏನು ಮಾಡಿತು ಎಂಬುದು ಪುಸ್ತಕದಲ್ಲಿ ಸಿಗದ ತಿಳಿವಳಿಕೆ, ಪ್ರಬಂಧಕ್ಕೆ ಅಂಕ ಬರುವುದೂ ಅಲ್ಲೇ. ಆದರೂ ಬೆರಳೆಣಿಕೆಯ ಸಹಪಾಠಿಗಳು ನೋಡಿದ್ದರಿಂದ ಪ್ರೇಕ್ಷಕರೆಲ್ಲರ ಬಗ್ಗೆ ತೀರ್ಪು ಕೊಡಲಾಗದು. ಈ ಮಿತಿಯನ್ನು ಅದೇ ಪ್ಯಾರಾದಲ್ಲಿ ಹೇಳಿಬಿಡುವುದು ಒಳ್ಳೆಯದು.

ಹೀಗೆ ಬರೆಯಬೇಕಾದರೆ ಸಾಮಗ್ರಿ ಕೈಯಲ್ಲಿರಬೇಕು. ಚಿತ್ರ ಮುಗಿದ ಮೇಲೆ ನೆನಪಿನಿಂದ ಬರೆಯಲು ಕೂತರೆ ಪ್ರತಿ ತೀರ್ಮಾನವೂ ಮೊದಲೇ ಯೋಚಿಸಿ ಮಾಡಿದಂತೆ ತೋರುತ್ತದೆ. ಆದ್ದರಿಂದ ಸಂಕಲನದ ದಿನಗಳಲ್ಲೇ ದಿನಾಂಕ ಹಾಕಿ, ಏನು ತೆಗೆದದ್ದು, ಏಕೆ, ಯಾವ ಅನುಮಾನ ಉಳಿಯಿತು ಎಂದು ನಾಲ್ಕು ಸಾಲು ಗುರುತಿಟ್ಟುಕೊಳ್ಳಬೇಕು. ಹಳೆಯ ಕಟ್‌ಗಳ ಮೇಲೆ ಹೊಸದನ್ನು ಉಳಿಸದೆ ಬೇರೆ ಬೇರೆ ಫೈಲುಗಳಾಗಿ ಇಡಬೇಕು. ಈ ದಿನಚರಿಯನ್ನು ಹಾಗೆಯೇ ಪ್ರಬಂಧಕ್ಕೆ ಇಳಿಸುವಂತಿಲ್ಲ, ಅದು ಪುರಾವೆ ಮಾತ್ರ. ತನ್ನ ತೀರ್ಮಾನಗಳ ಬಗ್ಗೆಯೇ ಬರೆಯುವುದರಿಂದ ‘ನಾನು’ ಎಂಬ ಪ್ರಯೋಗಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ‘ಬಳಸಲಾಗಿದೆ’, ‘ಮಾಡಲಾಗಿದೆ’ ಎಂಬ ಕರ್ಮಣಿ ವಾಕ್ಯಗಳೇ ತೀರ್ಮಾನ ಯಾರದೆಂಬುದನ್ನು ಮರೆಮಾಡುತ್ತವೆ.

ಉಳಿದದ್ದು ಟೈಮ್‌ಕೋಡ್. ವಾದಕ್ಕೆ ಆಧಾರವಾದ ಪ್ರತಿ ಜಾಗವನ್ನೂ ನಿಮಿಷ ಸೆಕೆಂಡಿನ ಸಮೇತ ಕೊಟ್ಟರೆ ಪರೀಕ್ಷಕರು ಚಿತ್ರದಲ್ಲಿ ಅದನ್ನು ತೆರೆದು ನೋಡಬಹುದು. ಆದರೆ ಪ್ರಬಂಧ ಬರೆದಾದ ಮೇಲೆ ಆರಂಭದ ಶೀರ್ಷಿಕೆಯನ್ನು ಮೂರು ಸೆಕೆಂಡು ಹಿಗ್ಗಿಸಿದರೂ ಎಲ್ಲ ಸಂಖ್ಯೆಗಳೂ ತಪ್ಪುತ್ತವೆ. ಹಾಗಾಗಿ ಚಿತ್ರದ ಕೊನೆಯ ಕಟ್ ಅನ್ನು ಇನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿದ ಮೇಲೆಯೇ ಟೈಮ್‌ಕೋಡ್‌ಗಳನ್ನು ತುಂಬಬೇಕು, ಸಲ್ಲಿಸುವ ಪ್ರತಿಯನ್ನೇ ಹಾಕಿಕೊಂಡು ಒಂದೊಂದನ್ನೂ ಮತ್ತೊಮ್ಮೆ ತಾಳೆ ನೋಡಬೇಕು.