ಬರ ಪರಿಹಾರದ ಆದೇಶ ಮತ್ತು ಅಧ್ಯಕ್ಷರಿಗೊಂದು ಟಿಪ್ಪಣಿ

ದೀರ್ಘ ಬರಹವನ್ನು ಮೂರನೆಯ ಒಂದು ಪಾಲಿಗೆ ಇಳಿಸುವುದು ಸಂಕ್ಷೇಪಲೇಖನದ ರೂಢಿಯ ಸೂತ್ರ. ಬರ ಪರಿಹಾರದ ಸರ್ಕಾರಿ ಆದೇಶವನ್ನು ಗ್ರಾಮ ಪಂಚಾಯಿತಿ ಅಧ್ಯಕ್ಷರಿಗಾಗಿ ಸಂಗ್ರಹಿಸುವಾಗ ಈ ಸೂತ್ರ ಸಾಲದು. ಇಲ್ಲಿ ಎಷ್ಟನ್ನು ಬಿಡಬೇಕು ಎಂಬುದಕ್ಕಿಂತ ಯಾವುದನ್ನು ಬಿಡಬಾರದು ಎಂಬುದೇ ಮುಖ್ಯವಾಗುತ್ತದೆ.

ಕರ್ನಾಟಕದ ಸರ್ಕಾರಿ ಆದೇಶ ಸಾಮಾನ್ಯವಾಗಿ ವಿಷಯ, ‘ಓದಲಾಗಿದೆ’, ಪ್ರಸ್ತಾವನೆ, ಆದೇಶ ಎಂಬ ಕ್ರಮದಲ್ಲಿ ಸಾಗುತ್ತದೆ. ಪುಟಗಳನ್ನು ತುಂಬುವ ಪ್ರಸ್ತಾವನೆಯಲ್ಲಿ ಕೆಳಗಿನ ಅಧಿಕಾರಿಗಳ ಕೋರಿಕೆಗಳೂ ಸೇರಿರುತ್ತವೆ. ‘ಕೋರಿರುತ್ತಾರೆ’ ಎಂಬುದನ್ನು ‘ಮಂಜೂರಾಗಿದೆ’ ಎಂದು ಓದಿಕೊಂಡರೆ ಇಲ್ಲದ ಹಣಕ್ಕೆ ಊರು ಕಾಯುತ್ತದೆ. ಆದುದರಿಂದ ಸಂಗ್ರಹವನ್ನು ಆದೇಶ ಭಾಗದಿಂದಲೇ ಆರಂಭಿಸಬೇಕು. ಅಲ್ಲಿಯೂ ‘ಒಳಪಟ್ಟು’, ‘ಮೀರದಂತೆ’ ಎಂಬ ಪದಗಳು ಬಂದಲ್ಲಿ ನಿಲ್ಲಬೇಕು. ಹಣದ ಮಿತಿ ಇರುವುದು ಅವುಗಳಲ್ಲಿಯೇ.

2023ರ ಮುಂಗಾರಿನ ಬರವನ್ನೇ ನೋಡಬಹುದು. ಆ ವರ್ಷ ಸೆಪ್ಟೆಂಬರ್ 13ರಂದು ಕರ್ನಾಟಕ ಸರ್ಕಾರ ಮೊದಲಿಗೆ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಆಗ ಅನ್ವಯಿಸುತ್ತಿದ್ದ ಕೇಂದ್ರದ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಹಾನಿ ಶೇಕಡ 33 ಅಥವಾ ಹೆಚ್ಚಿರಬೇಕು. ಒಬ್ಬ ರೈತನಿಗೆ ಗರಿಷ್ಠ ಎರಡು ಹೆಕ್ಟೇರ್. ಮೂರು ಹೆಕ್ಟೇರಿನಲ್ಲಿ ತೊಗರಿ ಬಿತ್ತಿ ಶೇಕಡ 40ರಷ್ಟು ಕಳೆದುಕೊಂಡ ರೈತನಿಗೆ ಈ ಲೆಕ್ಕದಲ್ಲಿ ಸಲ್ಲುವುದು 17,000 ರೂಪಾಯಿ. ಮಿತಿಯ ಮಾತನ್ನು ಬಿಟ್ಟ ಸಂಗ್ರಹ ಅವನಿಗೆ 25,500 ರೂಪಾಯಿಯ ಆಸೆ ತೋರಿಸುತ್ತದೆ. ಹಾನಿಯ ಶೇಕಡಾವಾರು ಅರ್ಹತೆಯ ಹೊಸ್ತಿಲೇ ಹೊರತು ಹಣದ ಅಳತೆಯಲ್ಲ ಎಂಬುದನ್ನು ಹೇಳದಿದ್ದರೆ, ಪರಿಹಾರದಲ್ಲಿಯೂ ಶೇಕಡ 40 ಮಾತ್ರವೇ ಎಂಬ ವಿರುದ್ಧ ತಪ್ಪು ಹುಟ್ಟುತ್ತದೆ.

ಇನ್ನು ಅಳತೆಯ ಮಾತು. ಆದೇಶ ಹೆಕ್ಟೇರಿನಲ್ಲಿರುತ್ತದೆ, ಊರು ಎಕರೆ ಗುಂಟೆಗಳಲ್ಲಿ ಎಣಿಸುತ್ತದೆ. ಎರಡು ಹೆಕ್ಟೇರೆಂದರೆ ಸುಮಾರು 4 ಎಕರೆ 38 ಗುಂಟೆ. ಈ ಪರಿವರ್ತನೆಯನ್ನು ಅಧ್ಯಕ್ಷರಿಗೆ ಬಿಡದೆ ಟಿಪ್ಪಣಿ ಬರೆಯುವವನೇ ಮಾಡಬೇಕು. ಹೀಗೆ ಸಿದ್ಧವಾಗುವ ಟಿಪ್ಪಣಿಯ ಒಂದು ಮಾದರಿ:

“ಮಾನ್ಯ ಅಧ್ಯಕ್ಷರೇ, ಮುಂಗಾರಿನ ಬೆಳೆ ಮೂರನೆಯ ಒಂದು ಪಾಲಿನಷ್ಟು ಅಥವಾ ಹೆಚ್ಚು ಹಾನಿಯಾದವರಿಗೆ ಮಾತ್ರ ಪರಿಹಾರವಿದೆ. ಮಳೆಯಾಶ್ರಿತ ಜಮೀನಿಗೆ ಎಕರೆಗೆ ಸುಮಾರು 3,440 ರೂಪಾಯಿ. ಎಷ್ಟೇ ಜಮೀನಿದ್ದರೂ 4 ಎಕರೆ 38 ಗುಂಟೆಯವರೆಗೆ ಮಾತ್ರ ಲೆಕ್ಕ. ಹಾನಿಯನ್ನು ನಿರ್ಧರಿಸುವುದು ಅಧಿಕಾರಿಗಳ ಜಂಟಿ ಸಮೀಕ್ಷೆ, ಪಂಚಾಯಿತಿಯಲ್ಲ. ಹಣ ನೇರವಾಗಿ ರೈತರ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿಕೊಳ್ಳಲು ದಯವಿಟ್ಟು ತಿಳಿಸಿರಿ.”

ಈ ಟಿಪ್ಪಣಿಯಲ್ಲಿ ಆದೇಶದ ಒಂದು ವಾಕ್ಯವೂ ಹಾಗೆಯೇ ಉಳಿದಿಲ್ಲ, ಆದರೆ ಷರತ್ತುಗಳು ಉಳಿದಿವೆ. ಆದೇಶದ ಸಂಖ್ಯೆ, ದಿನಾಂಕಗಳನ್ನು ಮೇಲ್ಭಾಗದಲ್ಲಿ ನಮೂದಿಸುವುದು ಅಗತ್ಯ. ವಿವಾದ ಬಂದಾಗ ಪ್ರಮಾಣವಾಗುವುದು ಮೂಲ ಆದೇಶವೇ. ಟಿಪ್ಪಣಿ ಅಲ್ಲಿಗೆ ದಾರಿ ತೋರಿಸಬೇಕು.