ಉತ್ತರಿಸದ 95,500 ಮಂದಿ

1987ರಲ್ಲಿ ಅಮೆರಿಕದ ಲೇಖಕಿ ಶೇರ್ ಹೈಟ್ ಅವರ ‘ವಿಮೆನ್ ಅಂಡ್ ಲವ್’ ಎಂಬ ದಪ್ಪ ಪುಸ್ತಕ ಹೊರಬಂತು. ಅದರ ಅಂಕಿ ಅಂಶಗಳು ದೇಶವನ್ನೇ ಬೆಚ್ಚಿಬೀಳಿಸಿದವು. ಗಂಡಸರ ಜೊತೆಗಿನ ಸಂಬಂಧದಲ್ಲಿ ಶೇ. 84ರಷ್ಟು ಹೆಂಗಸರಿಗೆ ಮನಸ್ಸಿನ ತೃಪ್ತಿಯಿಲ್ಲ. ಮದುವೆಯಾಗಿ ಐದು ವರ್ಷ ದಾಟಿದವರಲ್ಲಿ ಶೇ. 70 ಮಂದಿಗೆ ಬೇರೆ ಸಂಬಂಧವಿದೆ. ಶೇ. 95 ಮಂದಿ ತಾವು ಪ್ರೀತಿಸುವ ಗಂಡಸಿನಿಂದಲೇ ಮಾನಸಿಕ ಕಿರುಕುಳ ಅನುಭವಿಸಿದ್ದಾರೆ. ‘ಟೈಮ್’ ಪತ್ರಿಕೆ ಇದನ್ನು ಮುಖಪುಟದ ವಿಷಯ ಮಾಡಿತು. ಸ್ವಲ್ಪ ದಿನಕ್ಕೆ ಎಬಿಸಿ ನ್ಯೂಸ್ ಮತ್ತು ‘ವಾಷಿಂಗ್ಟನ್ ಪೋಸ್ಟ್’ ಸೇರಿ ಸುಮಾರು 1,500 ಜನರಿಗೆ ಫೋನ್ ಮಾಡಿ ಅದೇ ವಿಚಾರ ಕೇಳಿದವು. ಸಂಬಂಧದಲ್ಲಿ ತೃಪ್ತಿಯಿದೆ ಎಂದ ಹೆಂಗಸರು ಶೇ. 93. ಬೇರೆ ಸಂಬಂಧವಿದೆ ಎಂದವರು ಶೇ. 7.

ಒಂದೇ ದೇಶ, ಒಂದೇ ವರ್ಷ. ಎಪ್ಪತ್ತು ಎಲ್ಲಿ, ಏಳು ಎಲ್ಲಿ! ಸಮೀಕ್ಷೆಯ ವಿಧಾನ ಕಲಿಸುವ ಪಠ್ಯಗಳು ಈ ಪ್ರಕರಣವನ್ನು ಇಂದಿಗೂ ಬಿಟ್ಟಿಲ್ಲ. ಮಾದರಿ ಸಮೀಕ್ಷೆಯ ಬಗ್ಗೆ ಶ್ಯಾರನ್ ಲೋರ್ ಬರೆದ, ವಿದ್ಯಾರ್ಥಿಗಳು ವ್ಯಾಪಕವಾಗಿ ಓದುವ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದು ಬರುತ್ತದೆ. ಹೈಟ್ ಸುಳ್ಳು ಹೇಳಿದರು ಎಂದು ಆ ಅಧ್ಯಾಯ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ಅವರಿಗೆ ಬಂದ ಉತ್ತರಗಳು ನಿಜವಾದ ಹೆಂಗಸರು ಬರೆದವೇ. ತಪ್ಪಿದ್ದುದು ಆ ಉತ್ತರಗಳಿಂದ ‘ಅಮೆರಿಕದ ಹೆಂಗಸರು’ ಎಂಬ ಮಾತಿಗೆ ಜಿಗಿದ ದಾರಿಯಲ್ಲಿ.

ಪ್ರಶ್ನಾವಳಿ ಯಾರ ಕೈಗೆ ಹೋಯಿತು ಎಂಬುದನ್ನು ಮೊದಲು ನೋಡಬೇಕು. ಹೈಟ್ ಒಂದು ಲಕ್ಷ ಪ್ರತಿಗಳನ್ನು ಹಂಚಿದರು, ಆದರೆ ಮನೆ ಮನೆಗಲ್ಲ. ಚರ್ಚಿನ ಮಹಿಳಾ ಕೂಟಗಳು, ಮಹಿಳಾ ಹಕ್ಕುಗಳ ಸಂಘಟನೆಗಳು, ಆಪ್ತಸಲಹಾ ಕೇಂದ್ರಗಳು, ಹಿರಿಯ ನಾಗರಿಕರ ಕೇಂದ್ರಗಳು ಇವುಗಳ ಮೂಲಕ. ಉತ್ತರಿಸಿದವರ ಹೆಸರು ವಿಳಾಸ ತನಗೂ ತಿಳಿಯಬಾರದು, ಆಗಲೇ ಹೆಂಗಸರು ಮನಸ್ಸು ಬಿಚ್ಚುತ್ತಾರೆ ಎಂಬುದು ಅವರ ಸಮರ್ಥನೆ. ಉದ್ದೇಶ ಒಳ್ಳೆಯದೇ. ಆದರೆ ಯಾವ ಸಂಘಕ್ಕೂ ಸೇರದ, ಕೆಲಸ ಮುಗಿಸಿ ಮನೆಗೆ ಬಂದು ಅಡುಗೆಗೆ ನಿಲ್ಲುವ ಹೆಂಗಸಿಗೆ ಈ ಕಾಗದ ತಲುಪುವ ದಾರಿಯೇ ಇರಲಿಲ್ಲ. ಆಪ್ತಸಲಹೆಗೆ ಬರುವವಳು ಏನೋ ಕಷ್ಟ ಇರುವುದರಿಂದಲೇ ಬರುತ್ತಾಳೆ. ಮಾದರಿಯ ಪಕ್ಷಪಾತ ಎನ್ನುವುದು ಇದಕ್ಕೆ. ಕೆಲವರು ಸಿಕ್ಕುವ ಸಾಧ್ಯತೆ ಹೆಚ್ಚು, ಕೆಲವರದು ಸೊನ್ನೆ. ಮತ್ತು ನಾವು ಅಳೆಯಹೊರಟ ಸಂಗತಿಗೂ ಆ ಹೆಚ್ಚು ಕಡಿಮೆಗೂ ನಂಟಿದೆ. ನಂಟಿಲ್ಲದಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ. ಹೆಂಗಸರ ಎತ್ತರ ಅಳೆಯಲು ಇದೇ ಸಂಘಗಳಿಗೆ ಹೋಗಿದ್ದರೆ ಸರಾಸರಿ ಅಷ್ಟೇನೂ ಕೆಡುತ್ತಿರಲಿಲ್ಲ.

ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಮುಂದಿನ ಹಂತದಲ್ಲಿ. ಹಂಚಿದ ಒಂದು ಲಕ್ಷದಲ್ಲಿ ತುಂಬಿ ಬಂದದ್ದು ಸುಮಾರು 4,500, ಅಂದರೆ ಶೇ. 4.5. ಪ್ರಶ್ನಾವಳಿಯಲ್ಲಿ 127 ಪ್ರಶ್ನೆಗಳು, ಹೆಚ್ಚಿನವಕ್ಕೆ ಹಲವು ಉಪಪ್ರಶ್ನೆಗಳು, ಎಲ್ಲಕ್ಕೂ ಪ್ರಬಂಧದ ಹಾಗೆ ಉತ್ತರ ಬರೆಯಬೇಕು. ಇಷ್ಟನ್ನು ಬರೆಯಲು ಗಂಟೆಗಟ್ಟಲೆ ಕೂರುವವರು ಯಾರು? ಹೇಳಿಕೊಳ್ಳಲೇಬೇಕಾದ ನೋವು ಇರುವವರು. ಸಂಸಾರ ಹೇಗೋ ನಡೆಯುತ್ತಿದೆ ಎನ್ನುವವಳು ಮೂರನೇ ಪುಟಕ್ಕೇ ಮಡಚಿಡುತ್ತಾಳೆ.

ಬಂದ ಉತ್ತರ 4,500. ಬಾರದೆ ಹೋದದ್ದು 95,500. ಉತ್ತರಿಸಿದವರಲ್ಲಿ ಅತೃಪ್ತರು ಶೇ. 84, ಎಂದರೆ 3,780 ಮಂದಿ. ಉತ್ತರಿಸದವರೆಲ್ಲ ತೃಪ್ತರೇ ಆಗಿದ್ದರೆ ಒಂದು ಲಕ್ಷದಲ್ಲಿ ಅತೃಪ್ತರ ಪಾಲು ಶೇ. 3.8. ಅವರೆಲ್ಲ ಅತೃಪ್ತರಾಗಿದ್ದರೆ ಅದೇ ಪಾಲು ಶೇ. 99.3. ಈ ಸಮೀಕ್ಷೆ ಖಚಿತವಾಗಿ ಹೇಳಬಲ್ಲದ್ದು ಇಷ್ಟೇ: ಪ್ರಶ್ನಾವಳಿ ಪಡೆದವರಲ್ಲಿ ಅತೃಪ್ತರು ನೂರಕ್ಕೆ ನಾಲ್ವರಿಂದ ತೊಂಬತ್ತೊಂಬತ್ತರ ನಡುವೆ ಎಲ್ಲೋ ಇದ್ದಾರೆ. ಅದು ಸಮೀಕ್ಷೆ ಮಾಡುವ ಮೊದಲೂ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಶೇ. 84 ಎಂಬ ಅಂಕಿ ಎಷ್ಟು ಸುಲಭವಾಗಿ ಹುಟ್ಟಬಹುದು ಎಂಬುದಕ್ಕೆ ಒಂದು ಕಲ್ಪನೆ ಮಾಡೋಣ. ಆ ಒಂದು ಲಕ್ಷದಲ್ಲಿ ನಿಜವಾಗಿ ಅತೃಪ್ತರು 30,000, ತೃಪ್ತರು 70,000 ಇದ್ದರೆನ್ನಿ. ಅತೃಪ್ತರಲ್ಲಿ ಎಂಟಕ್ಕೆ ಒಬ್ಬರಂತೆ ಉತ್ತರ ಬರೆದರೆ ಸುಮಾರು 3,780 ಬರುತ್ತದೆ. ತೃಪ್ತರಲ್ಲಿ ನೂರಕ್ಕೆ ಒಬ್ಬರಂತೆ ಬರೆದರೆ ಸುಮಾರು 720. ಒಟ್ಟು 4,500, ಅದರಲ್ಲಿ ಅತೃಪ್ತರು ಶೇ. 84. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಲೆಕ್ಕ ತಪ್ಪಲಿಲ್ಲ. ಬರೆಯುವ ಹುಮ್ಮಸ್ಸಿನಲ್ಲಿದ್ದ ವ್ಯತ್ಯಾಸವೊಂದೇ ಮೂವತ್ತನ್ನು ಎಂಬತ್ತನಾಲ್ಕು ಮಾಡಿತು.

ನಾಲ್ಕೂವರೆ ಸಾವಿರ ಉತ್ತರ ಸಾಲದೇ ಎಂದು ಕೇಳಬಹುದು. ಚೀಟಿ ಎತ್ತಿದಂತೆ ಆರಿಸಿದ 4,500 ಮಂದಿಯಾಗಿದ್ದರೆ ಧಾರಾಳವಾಗಿ ಸಾಕು. ಅಂಥ ಮಾದರಿಯಲ್ಲಿ ಹೆಚ್ಚು ಕಡಿಮೆ ಒಂದು ಶೇಕಡಾಂಶದಷ್ಟು ಮಾತ್ರ. ಆದರೆ ಆ ಲೆಕ್ಕದ ಸೂತ್ರಕ್ಕೆ ಗೊತ್ತಿರುವುದು ಎಷ್ಟು ಮಂದಿ ಎಂಬುದು ಮಾತ್ರ; ಅವರು ಹೇಗೆ ಬಂದರು ಎಂಬುದು ಅದಕ್ಕೆ ತಿಳಿಯದು. ಒಂದು ಲಕ್ಷದ ಬದಲು ಹತ್ತು ಲಕ್ಷ ಪ್ರತಿ ಹಂಚಿದ್ದರೂ ಅದೇ ತಪ್ಪು ಅಂಕಿ ಇನ್ನಷ್ಟು ಆತ್ಮವಿಶ್ವಾಸದಿಂದ ಬರುತ್ತಿತ್ತು.

ಹೈಟ್ ಇನ್ನೊಂದು ವಾದ ಮುಂದಿಟ್ಟರು. ಉತ್ತರಿಸಿದವರ ವಯಸ್ಸು, ಓದು, ಆದಾಯ ಇವೆಲ್ಲ ದೇಶದ ಒಟ್ಟು ಹೆಂಗಸರ ಪ್ರಮಾಣಕ್ಕೆ ಹೊಂದುತ್ತವೆ, ಆದ್ದರಿಂದ ಮಾದರಿ ಸರಿಯಾಗಿದೆ ಎಂದು. ಕೇಳಲು ಚೆನ್ನಾಗಿದೆ, ಅನೇಕ ಸಂಶೋಧನಾ ಪ್ರಬಂಧಗಳಲ್ಲಿ ಇದೇ ಸಮಾಧಾನ ಈಗಲೂ ಕಾಣಿಸುತ್ತದೆ. ಆದರೆ ಮೂವತ್ತರ ವಯಸ್ಸಿನವರಲ್ಲೂ ನೊಂದವರೇ ಹೆಚ್ಚು ಬರೆದರು, ಐವತ್ತರವರಲ್ಲೂ ನೊಂದವರೇ ಬರೆದರು ಎಂದಾದರೆ ವಯಸ್ಸಿನ ಪ್ರಮಾಣ ಹೊಂದಿದ್ದರಿಂದ ಏನು ಬಂತು? ಕಣ್ಣಿಗೆ ಕಾಣುವ ಲಕ್ಷಣಗಳಲ್ಲಿ ಹೊಂದಿಕೆ ಇದ್ದ ಮಾತ್ರಕ್ಕೆ, ಕಾಣದ ಲಕ್ಷಣದಲ್ಲಿ, ಅದರಲ್ಲೂ ಪ್ರಶ್ನೆ ಕೇಳಿದ ಅದೇ ಲಕ್ಷಣದಲ್ಲಿ, ಹೊಂದಿಕೆ ಬರುವುದಿಲ್ಲ.

ಇನ್ನು ಪ್ರಶ್ನೆಗಳ ವಿಚಾರ. ಒಂದು ಪ್ರಶ್ನೆಯ ಧಾಟಿ ಹೀಗಿತ್ತು: ಗಂಡ ಅಥವಾ ಪ್ರಿಯಕರ ನಿಮ್ಮನ್ನು ಸಮಾನಳೆಂದು ಕಾಣುತ್ತಾನೆಯೇ ಎಂದು ಒಂದು ಸಲ ಕೇಳಿ, ಅದೇ ಉಸಿರಿನಲ್ಲಿ ಕೀಳಾಗಿ ನಡೆಸಿಕೊಳ್ಳುವುದುಂಟೇ, ತೀರ್ಮಾನಗಳಿಂದ ದೂರ ಇಡುತ್ತಾನೆಯೇ, ತಾನೇ ಮೇಲು ಎಂಬಂತೆ ವರ್ತಿಸುತ್ತಾನೆಯೇ ಎಂದು ಮತ್ತೆ ಮೂರು ಸಲ. ಒಳ್ಳೆಯದಕ್ಕೆ ಒಂದು ಬಾಗಿಲು, ಕೆಟ್ಟದ್ದಕ್ಕೆ ಮೂರು. ಹೋಗಬೇಕಾದ ದಿಕ್ಕನ್ನು ಪ್ರಶ್ನೆಯೇ ತೋರಿಸಿಬಿಟ್ಟಿದೆ. ಅವಧಿಯೂ ಇಲ್ಲ. ‘ಒಮ್ಮೊಮ್ಮೆ’ ಎಂದು ಕೇಳಿದರೆ ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಒಂದು ಕೆಟ್ಟ ಸಂಜೆಯನ್ನು ನೆನಪಿಸಿಕೊಂಡವಳೂ ಹೌದು ಎನ್ನುತ್ತಾಳೆ, ದಿನವೂ ಅವಮಾನ ನುಂಗುವವಳೂ ಹೌದು ಎನ್ನುತ್ತಾಳೆ. ಎರಡೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ಹೀಗೆ ಸೇರಿಸಿದಾಗ ನಿಜವಾಗಿ ನರಳುತ್ತಿರುವವಳೇ ಮರೆಯಾಗುತ್ತಾಳೆ. ನನಗೆ ಈ ಪ್ರಶ್ನಾವಳಿಯ ಮೇಲೆ ಅತಿ ಹೆಚ್ಚು ಬೇಸರ ಇರುವುದು ಇದೇ ಕಾರಣಕ್ಕೆ. ಜೊತೆಗೆ ನಾಲ್ಕು ಪ್ರಶ್ನೆಗೆ ಬರೆದ ಒಂದು ಪುಟದ ಉತ್ತರವನ್ನು ಓದಿ ‘ಅತೃಪ್ತಳು’ ಎಂಬ ಕಟ್ಟಿಗೆ ಹಾಕಬೇಕೋ ಬೇಡವೋ ಎಂದು ಯಾರೋ ತೀರ್ಮಾನಿಸಬೇಕು. ಇಬ್ಬರು ಓದುಗರು ಅದನ್ನು ಎರಡು ಬೇರೆ ಕಟ್ಟಿಗೆ ಹಾಕಬಹುದು.

ಇಂಥ ಸೂಕ್ಷ್ಮ ವಿಷಯವನ್ನು ಚೆನ್ನಾಗಿ ಕೇಳುವುದು ಸಾಧ್ಯವೇ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲೂ ನಡೆಯುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. 2019–21ರ ಐದನೆಯ ಸುತ್ತಿನಲ್ಲಿ ಮೊದಲು ಹಳ್ಳಿಗಳನ್ನೂ ನಗರದ ಬ್ಲಾಕುಗಳನ್ನೂ ಜನಸಂಖ್ಯೆಯ ಅನುಪಾತದಲ್ಲಿ ಆರಿಸಿದರು. ಅಲ್ಲಿನ ಮನೆಗಳನ್ನೆಲ್ಲ ಪಟ್ಟಿ ಮಾಡಿ, ಪಟ್ಟಿಯಿಂದ ನಿಗದಿತ ಅಂತರದಲ್ಲಿ 22 ಮನೆಗಳನ್ನು ತೆಗೆದರು. ಯಾವ ಮನೆಗೆ ಹೋಗಬೇಕು ಎಂಬುದು ಸಂದರ್ಶಕಿಯ ಇಷ್ಟಕ್ಕೂ ಬಿಟ್ಟಿಲ್ಲ, ಮನೆಯವರ ಇಷ್ಟಕ್ಕೂ ಬಿಟ್ಟಿಲ್ಲ. ಆಯ್ಕೆಯಾದ ಹೆಂಗಸರಲ್ಲಿ ಶೇ. 97 ಮಂದಿ ಉತ್ತರಿಸಿದರು. ಹೈಟ್ ಸಮೀಕ್ಷೆಗೆ ಹಾಕಿದ ಲೆಕ್ಕವನ್ನೇ ಇಲ್ಲಿಗೂ ಹಾಕಿದರೆ, ಉತ್ತರಿಸದವರು ಏನೇ ಹೇಳಿದ್ದರೂ ಅಂಕಿ ಮೂರು ಶೇಕಡಾಂಶಕ್ಕಿಂತ ಹೆಚ್ಚು ಅಲುಗಾಡುವುದಿಲ್ಲ.

ಅಲ್ಲಿನ ಪ್ರಶ್ನೆಗಳೂ ಬೇರೆ ರೀತಿ. ‘ಗಂಡ ನಿಮ್ಮನ್ನು ಸಮಾನಳೆಂದು ಕಾಣುತ್ತಾನೆಯೇ’ ಎಂದು ಕೇಳುವುದಿಲ್ಲ. ನಿಮ್ಮ ಆರೋಗ್ಯದ ವಿಚಾರ, ಮನೆಯ ದೊಡ್ಡ ಖರೀದಿ, ತವರಿಗೋ ನೆಂಟರ ಮನೆಗೋ ಹೋಗುವುದು, ಇವನ್ನು ಸಾಮಾನ್ಯವಾಗಿ ಯಾರು ತೀರ್ಮಾನಿಸುತ್ತಾರೆ ಎಂದು ಒಂದೊಂದಾಗಿ ಕೇಳುತ್ತಾರೆ: ನೀವೇ, ಗಂಡ, ಇಬ್ಬರೂ ಸೇರಿ, ಅಥವಾ ಬೇರೆಯವರು. ಹಿಂಸೆಯ ಬಗ್ಗೆ ಕೇಳುವಾಗ ಆ ಪದವನ್ನು ಮುಂದಿಡದೆ, ಕೆನ್ನೆಗೆ ಹೊಡೆದದ್ದುಂಟೇ, ಕೈ ತಿರುಚಿದ್ದುಂಟೇ, ತಳ್ಳಿದ್ದುಂಟೇ ಎಂದು ಒಂದೊಂದು ಕೃತ್ಯವನ್ನೂ ಹೆಸರಿಸಿ ಕೇಳುತ್ತಾರೆ, ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಸಲ ಎಂಬುದನ್ನೂ ಕೇಳುತ್ತಾರೆ. ಒಂದು ಮನೆಯಲ್ಲಿ ಒಬ್ಬಳನ್ನು ಮಾತ್ರ, ಅದೂ ಬೇರೆ ಯಾರೂ ಇಲ್ಲದಾಗ. ಏಕಾಂತ ಸಿಗದಿದ್ದರೆ ಆ ಭಾಗವನ್ನು ಬಿಟ್ಟುಬಿಡುತ್ತಾರೆ.

ಇಷ್ಟಾದರೂ ಮಿತಿಗಳಿವೆ. ಮುಖ ನೋಡಿ ಹೇಳಲಾರದ ಸತ್ಯ ಒಳಗೇ ಉಳಿಯುತ್ತದೆ. ಫೋನಿನಲ್ಲಿ ಅಪರಿಚಿತರ ಮುಂದೆ ಬೇರೆ ಸಂಬಂಧ ಇದೆ ಎಂದು ಒಪ್ಪಿಕೊಳ್ಳುವವರು ಕಡಿಮೆ, ಆದ್ದರಿಂದ ಆ ಶೇ. 7 ಕೂಡ ವಾಸ್ತವಕ್ಕಿಂತ ಕೆಳಗಿರುವ ಸಾಧ್ಯತೆಯೇ ಹೆಚ್ಚು. ಹೆಸರಿಲ್ಲದೆ ಬರೆಯಲು ಬಿಟ್ಟರೆ ಬಾಯಿ ಬಿಡುತ್ತಾರೆ ಎಂಬ ಹೈಟ್ ಅವರ ಅನಿಸಿಕೆಯಲ್ಲಿ ಹುರುಳಿತ್ತು. ಆ 4,500 ಉತ್ತರಗಳು ನೋವು ಹೇಗಿರುತ್ತದೆ ಎಂದು ತಿಳಿಸುವ ದಾಖಲೆಯಾಗಿ ಬೆಲೆಯುಳ್ಳವು. ನೋವು ಎಷ್ಟು ಮಂದಿಗೆ ಇದೆ ಎಂದು ಅವು ಹೇಳಲಾರವು.

ಕಡಿಮೆ ಹಣದಲ್ಲಿ ಸಮೀಕ್ಷೆ ಮಾಡುವವರಿಗೂ ಒಂದು ದಾರಿ ಇದೆ. ಅಮೆರಿಕದ ಜನಗಣತಿ ಇಲಾಖೆಯಲ್ಲಿದ್ದ ಮಾರಿಸ್ ಹ್ಯಾನ್ಸನ್ ಮತ್ತು ವಿಲಿಯಂ ಹರ್ವಿಟ್ಜ್ 1946ರಲ್ಲೇ ಅದನ್ನು ಬರೆದಿಟ್ಟರು. ಒಂದು ಲಕ್ಷ ಪ್ರತಿ ಹಂಚುವ ಬದಲು ಪಟ್ಟಿಯಿಂದ ಚೀಟಿ ಎತ್ತಿದಂತೆ 2,000 ಮಂದಿಯನ್ನು ಆರಿಸಿ ಕಳುಹಿಸಿ. 90 ಉತ್ತರ ಬಂದು, ಅದರಲ್ಲಿ 76 ಅತೃಪ್ತರು ಎನ್ನೋಣ. ಉಳಿದ 1,910 ಮಂದಿಯಿಂದ ಮತ್ತೆ ಚೀಟಿ ಎತ್ತಿ 200 ಮಂದಿಯನ್ನು ತೆಗೆದು, ಅವರ ಮನೆಗೇ ಹೋಗಿ, ಸಿಗದಿದ್ದರೆ ಮತ್ತೆ ಹೋಗಿ, ಉತ್ತರ ಪಡೆಯಿರಿ. ಅವರಲ್ಲಿ 50 ಮಂದಿ, ಅಂದರೆ ಕಾಲು ಭಾಗ, ಅತೃಪ್ತರಾಗಿದ್ದರೆ, ಆ 1,910ರಲ್ಲಿ ಸುಮಾರು 478 ಅತೃಪ್ತರೆಂದು ಅಂದಾಜಿಸಬಹುದು. ಎರಡೂ ಸೇರಿ 2,000ಕ್ಕೆ 554, ಹತ್ತಿರ ಹತ್ತಿರ ಶೇ. 28. ಬರೀ ಅಂಚೆಯ ಉತ್ತರ ನಂಬಿದ್ದರೆ ಅದೇ ಶೇ. 84 ಎಂದು ಅಚ್ಚಾಗುತ್ತಿತ್ತು.

ವಾಟ್ಸ್ಆಪ್ ಗುಂಪಿಗೆ ಗೂಗಲ್ ಫಾರಂ ಕಳುಹಿಸಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇದು: ಎಷ್ಟು ಉತ್ತರ ಬಂತು ಎಂಬುದರ ಪಕ್ಕದಲ್ಲೇ ಎಷ್ಟು ಮಂದಿಗೆ, ಹೇಗೆ ಆರಿಸಿ ಕಳುಹಿಸಿದಿರಿ ಎಂಬುದನ್ನೂ ಬರೆಯಿರಿ, ಕೇಳಿದ ಪ್ರಶ್ನೆಯನ್ನು ಕೇಳಿದ ಹಾಗೆಯೇ ಅಚ್ಚು ಮಾಡಿ. ಇವಿಲ್ಲದೆ ಶೇಕಡಾವಾರು ಮಾತ್ರ ಕೊಡುವ ಸುದ್ದಿಯನ್ನು ಓದುಗರು ನಂಬಬೇಕಾಗಿಲ್ಲ.